ಜಾಗೃತಿ ಪ್ರಚಾರದ ಅಳತೆ: ಮತದಾರರ ಸಮೀಕ್ಷೆಗಳನ್ನು ಕುರಿತು

ಸರಕನ್ನು ಮಾರುವ ಜಾಹೀರಾತಿನ ಫಲವನ್ನು ಮಾರಾಟದ ಲೆಕ್ಕದಿಂದಲೋ ಕ್ಲಿಕ್ಕುಗಳ ಎಣಿಕೆಯಿಂದಲೋ ಅರಿಯಬಹುದು. ಒಂದು ವಿಷಯವನ್ನು ಜನರಿಗೆ ತಿಳಿಯಪಡಿಸುವುದಷ್ಟೇ ಗುರಿಯಾದಾಗ ಈ ಎರಡು ಲೆಕ್ಕಗಳೂ ಕೆಲಸಕ್ಕೆ ಬಾರವು. ಚುನಾವಣಾ ಆಯೋಗವು 2009ರಲ್ಲಿ ಆರಂಭಿಸಿದ ‘ಸ್ವೀಪ್’ ಎಂಬ ಮತದಾರರ ಶಿಕ್ಷಣ ಯೋಜನೆ ಈ ಬಗೆಯದು. ಜನರ ತಿಳಿವಳಿಕೆ, ಮನೋಭಾವ, ನಡವಳಿಕೆಗಳನ್ನು ಪ್ರಚಾರಕ್ಕೆ ಮೊದಲೊಮ್ಮೆ, ಚುನಾವಣೆಯ ತರುವಾಯ ಇನ್ನೊಮ್ಮೆ ವಿಚಾರಿಸಿ ಹೋಲಿಸುವ ‘ಕ್ಯಾಪ್’ ಸಮೀಕ್ಷೆಯ ಪದ್ಧತಿ ಅದರಲ್ಲುಂಟು.

ಈ ಹೋಲಿಕೆ ಸಾಲದೆಂದು ನಮ್ಮ ಅಭಿಪ್ರಾಯ. 2023ರ ಮೇ 10ರ ವಿಧಾನಸಭಾ ಚುನಾವಣೆಯನ್ನೇ ನೋಡಬಹುದು. ಆ ತಿಂಗಳುಗಳಲ್ಲಿ ಪಕ್ಷಗಳ ಭಾಷಣ, ಪತ್ರಿಕೆಗಳ ವರದಿ, ನೆರೆಹೊರೆಯ ಮಾತು ಎಲ್ಲವೂ ಮತದಾರನಿಗೆ ಪಾಠ ಹೇಳಿದುವು. ಹೆಚ್ಚಿದ ತಿಳಿವನ್ನೆಲ್ಲ ಆಯೋಗದ ಪ್ರಚಾರಕ್ಕೆ ಸಲ್ಲಿಸುವುದು ಕಾಕತಾಳೀಯ ನ್ಯಾಯವಾದೀತು.

ಜಾಹೀರಾತಿನವರು ‘ಬ್ರಾಂಡ್ ಲಿಫ್ಟ್’ ಎಂದು ಕರೆಯುವ ಸಮೀಕ್ಷೆ ಈ ದೋಷವನ್ನು ನಿವಾರಿಸುತ್ತದೆ. ಪ್ರಚಾರವನ್ನು ಕಾಣಬೇಕಾದ ಜನರನ್ನು ಮೊದಲೇ ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತೋರಿಸಿ, ಇನ್ನೊಂದಕ್ಕೆ ತಡೆಹಿಡಿದು, ಇಬ್ಬರನ್ನೂ ಏಕಕಾಲದಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. ಭಾಷಣ, ಪತ್ರಿಕೆಗಳು ಎರಡೂ ಗುಂಪನ್ನು ಮುಟ್ಟಿರುವುದರಿಂದ, ಉಳಿಯುವ ಅಂತರವು ಪ್ರಚಾರದ್ದೇ.

ಕೆಂಪಾಪುರವನ್ನು ನಿದರ್ಶನಕ್ಕಾಗಿ ಊಹಿಸೋಣ. ಇಲ್ಲಿ ಮನೆ ಬದಲಿಸುವ ಬಾಡಿಗೆದಾರರು ಬಹಳ. ‘ಮತ ಹಾಕುವಿರಾ?’ ಎಂದರೆ ಸಭ್ಯತೆಗಾಗಿ ಎಲ್ಲರೂ ಹೌದೆನ್ನುವರು. ಆ ಪ್ರಶ್ನೆ ವ್ಯರ್ಥ. ‘ಮನೆ ಬದಲಿಸಿದವರು ಯಾವ ನಮೂನೆಯನ್ನು ಸಲ್ಲಿಸಬೇಕು?’ ಎಂದು ಕೇಳುವುದು ಮೇಲು. 2022ರ ಆಗಸ್ಟ್‌ನಿಂದ ಅದು ನಮೂನೆ 8. ಮೊಬೈಲಿನಲ್ಲಿ ಚಿತ್ರ ಕಂಡ ಸಾವಿರ ಜನರಲ್ಲಿ ಶೇ. 46, ಕಾಣದ ಸಾವಿರ ಜನರಲ್ಲಿ ಶೇ. 41 ಸರಿಯುತ್ತರ ಕೊಟ್ಟರೆನ್ನೋಣ. ಏರಿಕೆ 5 ಅಂಶ. ಇದನ್ನೇ 41ಕ್ಕೆ ಹೋಲಿಸಿ ‘ಶೇ. 12ರ ಏರಿಕೆ’ ಎಂದು ಬರೆಯುವ ವರದಿಗಳ ವಿಷಯದಲ್ಲಿ ಓದುಗರು ಎಚ್ಚರದಿಂದಿರಬೇಕು. ಆಯ್ಕೆಯ ಆಕಸ್ಮಿಕದಿಂದ ಈ 5 ಅಂಶ ಸುಮಾರು 4.3 ಅಂಶ ಅತ್ತಿತ್ತ ಸರಿಯಬಹುದು. ಗುಂಪಿಗೆ ಇನ್ನೂರೇ ಜನರಿದ್ದಲ್ಲಿ ಆ ಸರಿತ ಸುಮಾರು 9.7 ಅಂಶವಾಗಿ, ಏರಿಕೆಯಿತ್ತೆಂದು ಹೇಳಲು ಆಧಾರವೇ ಉಳಿಯದು.

ಹೆಬ್ಬಾಳ ಮೇಲ್ಸೇತುವೆಯ ಬಳಿ ಫಲಕ ನಿಲ್ಲಿಸಿದರೆ ಈ ವಿಧಾನ ನಡೆಯದು. ಅದನ್ನು ಯಾರಿಗೂ ತಡೆಹಿಡಿಯಲಾಗದು. ಆಗ ಕೆಲವರು ‘ಕಂಡ ನೆನಪಿದೆ’ ಎಂದವರನ್ನು ಇಲ್ಲವೆಂದವರೊಡನೆ ಹೋಲಿಸುತ್ತಾರೆ. ಆದರೆ ನೆನಪಿಟ್ಟವರು ಬಹುಮಟ್ಟಿಗೆ ಚುನಾವಣೆಯಲ್ಲಿ ಮೊದಲೇ ಆಸಕ್ತಿಯುಳ್ಳವರು. ಇಂಥ ಅಂತರ ಯಾವಾಗಲೂ ದೊಡ್ಡದಾಗಿ ಕಾಣುವುದರಿಂದಲೇ ಅದು ಜನಪ್ರಿಯವಾಗಿದೆಯೆಂದು ನಮಗೆ ತೋರುತ್ತದೆ. ಇದಕ್ಕಿಂತ, ಫಲಕಗಳನ್ನು ಚೀಟಿಯೆತ್ತಿ ಕೆಲವು ಬಡಾವಣೆಗಳಲ್ಲಿ ಮಾತ್ರ ನಿಲ್ಲಿಸಿ, ಬಡಾವಣೆಗೆ ಬಡಾವಣೆಯನ್ನು ಹೋಲಿಸುವುದು ಉತ್ತಮ. ಅದಕ್ಕೆ ಬಡಾವಣೆಗಳು ಅನೇಕ ಬೇಕು; ಎರಡು ಮೂರರಿಂದ ಆಗದು.

ತಿಳಿವು ಏರಿದರೂ ಮತ ಬಿದ್ದೇ ತೀರುವುದಿಲ್ಲ. ಕರ್ನಾಟಕದಲ್ಲಿ ಆಯೋಗದ ಪ್ರಚಾರದ ಮುಖವಾಗಿದ್ದ ರಾಹುಲ್ ದ್ರಾವಿಡ್ ಅವರೇ 2019ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಲಾಗಲಿಲ್ಲ. ಮನೆ ಬದಲಾದ ಮೇಲೆ ಹಳೆಯ ವಿಳಾಸದ ಹೆಸರು ಪಟ್ಟಿಯಿಂದ ಹೋಗಿತ್ತು, ಹೊಸದರಲ್ಲಿ ಸೇರಿರಲಿಲ್ಲ. ಯಾವ ಸಮೀಕ್ಷೆಯಲ್ಲಾದರೂ ಅವರನ್ನು ಮತದಾನದ ಅರಿವುಳ್ಳವರೆಂದೇ ಎಣಿಸಬೇಕಾಗುತ್ತಿತ್ತು.