ಎರಡು ಸಂಪರ್ಕ, ಒಂದು ರೂಟರ್: ಕೂಡುವ ಲೆಕ್ಕ ತಪ್ಪುವುದೆಲ್ಲಿ?

ಡ್ಯುಯಲ್ ವ್ಯಾನ್ ರೂಟರ್ ಕೊಂಡರೆ ಎರಡು ಇಂಟರ್‌ನೆಟ್ ಸಂಪರ್ಕಗಳ ವೇಗ ಕೂಡಿಕೊಳ್ಳುತ್ತದೆ ಎಂದು ಮಾರುವವರು ಹೇಳುವುದುಂಟು. ಇದು ಅರ್ಧಸತ್ಯ. ನಿಮ್ಮ ಶಾಲೆಯಲ್ಲಿ ಸೆಕೆಂಡಿಗೆ 40 ಮತ್ತು 20 ಮೆಗಾಬಿಟ್ ವೇಗದ ಸಂಪರ್ಕಗಳಿವೆ ಎನ್ನಿ. 300 ಮೆಗಾಬೈಟ್, ಅಂದರೆ 2400 ಮೆಗಾಬಿಟ್‌ನ ಕಡತ ಇಳಿಸಲು 40 ಸೆಕೆಂಡು ಸಾಕೆಂದು ನೀವು ಲೆಕ್ಕ ಹಾಕಬಹುದು. ಆದರೆ ಎರಡು ಸಂಪರ್ಕಗಳಿಗೂ ಬೇರೆ ಬೇರೆ ಐಪಿ ವಿಳಾಸ. ಒಂದು ವಿಳಾಸದೊಡನೆ ಆರಂಭಿಸಿದ ಮಾತುಕತೆಯನ್ನು ಆಚೆಯ ಸರ್ವರ್ ಇನ್ನೊಂದರೊಡನೆ ಮುಂದುವರಿಸದು. ಹಾಗಾಗಿ ಸಾಮಾನ್ಯ ರೂಟರ್ ಇಡೀ ಮಾತುಕತೆಯನ್ನು ಒಂದೇ ಸಂಪರ್ಕಕ್ಕೆ ವಹಿಸುತ್ತದೆ. ಆಗ ಬೇಕಾಗುವುದು 60 ಸೆಕೆಂಡು. ನಿಧಾನದ್ದರ ಪಾಲಿಗೆ ಬಿದ್ದರೆ 120! ಪ್ರಯೋಗಾಲಯದಲ್ಲಿ ಇಪ್ಪತ್ತು ಮಂದಿ ಒಟ್ಟಿಗೆ ಕುಳಿತಾಗಲಷ್ಟೇ ಹಂಚಿಕೆಯ ಲಾಭ ಕಾಣುತ್ತದೆ.

ಒಂದು ಕೈಕೊಟ್ಟಾಗ ತಾನಾಗಿ ಇನ್ನೊಂದಕ್ಕೆ ಹೊರಳುವ ಗುಣವೇ ಹೆಚ್ಚು ಉಪಯುಕ್ತವೆನ್ನಬೇಕು. ಆದರೂ ವಿಳಾಸ ಬದಲಾಗುವುದರಿಂದ ನಡೆಯುತ್ತಿರುವ ವಿಡಿಯೋ ಪಾಠ ಕಡಿಯಬಹುದು. ಇನ್ನೊಂದು ತೊಡಕೂ ಇದೆ. ತಂತಿ ತುಂಡಾದದ್ದು ದೂರದಲ್ಲಾದರೆ, ಮೋಡೆಮ್‌ವರೆಗಿನ ಕೇಬಲನ್ನಷ್ಟೇ ಗಮನಿಸುವ ರೂಟರಿಗೆ ಅದು ತಿಳಿಯದು. ಹೊರಗಿನ ವಿಳಾಸವೊಂದಕ್ಕೆ ಆಗಾಗ ಪಿಂಗ್ ಕಳಿಸುವಂತೆ ಹೊಂದಿಸಬೇಕು. ಪರೀಕ್ಷಿಸುವಾಗ ರೂಟರಿನ ಕೇಬಲ್ ಕೀಳಬೇಡಿ, ಮೋಡೆಮ್‌ಗೆ ಹೊರಗಿನಿಂದ ಬರುವ ತಂತಿಯನ್ನು ಕಿತ್ತು ನೋಡಿ.