ಸಲ್ಫೇಟ್ ಇಲ್ಲದ ಶಾಂಪೂ, ಜಿಡ್ಡುಗಟ್ಟುವ ನೆತ್ತಿ

ತೊಗರ್ಸಿಯಿಂದ ದಿನವೂ ಬಸ್ಸಿನಲ್ಲಿ ಶಿಕಾರಿಪುರದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಶಿರಾಳಕೊಪ್ಪದ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡಿದ್ದಳು. ಹಚ್ಚಿದ ಲೇಪ ಬೇಗ ತೊಳೆದುಹೋಗದಿರಲಿ ಎಂದು ಅಲ್ಲಿಯವರು ಸಲ್ಫೇಟ್ ಇಲ್ಲದ ಶಾಂಪೂವನ್ನೇ ಬಳಸಲು ಹೇಳಿದರು. ಕೆಲವು ವಾರ ಕಳೆದಾಗ ಕೂದಲಿನ ತುದಿ ಚೆನ್ನಾಗಿತ್ತು. ಬುಡ ಮಾತ್ರ ಬೆಳಿಗ್ಗೆ ತೊಳೆದರೆ ಸಂಜೆಗೇ ಜಿಡ್ಡು, ಕೆರೆದರೆ ಉಗುರಿನಲ್ಲಿ ಮೇಣದಂಥ ಹೊಟ್ಟು. ‘ಮೃದುವಾದ ಶಾಂಪೂ ಅಂದ್ರು, ನಂಗ್ಯಾಕೆ ಆಗ್ಬರ್ಲಿಲ್ಲ?’ ಎಂಬುದು ಅವಳ ಪ್ರಶ್ನೆ.

ಅಂಗಡಿಯ ಸಾಮಾನ್ಯ ಶಾಂಪೂಗಳಲ್ಲಿ ಕೊಳೆ ತೆಗೆಯುವ ಮುಖ್ಯ ವಸ್ತು ಸೋಡಿಯಂ ಲಾರೆತ್ ಸಲ್ಫೇಟ್. ಅದರ ಅಣ್ಣನಂಥ ಇನ್ನೊಂದು, ಸೋಡಿಯಂ ಲಾರಿಲ್ ಸಲ್ಫೇಟ್. ಎರಡರ ಕಣಕ್ಕೂ ಎಣ್ಣೆಯನ್ನು ಹಿಡಿಯುವ ಬಾಲವಿದೆ, ನೀರನ್ನು ಹಿಡಿಯುವ ತಲೆಯಿದೆ. ಕಣಗಳು ಗುಂಪುಗೂಡಿ ಜಿಡ್ಡನ್ನು ನಡುವೆ ಸೇರಿಸಿಕೊಂಡು ನೀರಿನೊಡನೆ ಹೋಗುತ್ತವೆ. ಲಾರಿಲ್ ಕಣ ಚಿಕ್ಕದು. ಗುಂಪು ಸೇರದೆ ಬಿಡಿಯಾಗಿ ಉಳಿದ ಕಣಗಳು ಚರ್ಮದ ಹೊರಪದರಕ್ಕೆ ನುಗ್ಗಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆಗ ಚರ್ಮ ಬಿಗಿಯುತ್ತದೆ, ಉರಿಯುತ್ತದೆ. ಚರ್ಮಕ್ಕೆ ಬೇಕೆಂದೇ ಉರಿ ಬರಿಸಿ ನೋಡುವ ಪರೀಕ್ಷೆಗಳಲ್ಲಿ ಸಂಶೋಧಕರು ಬಳಸುವುದೂ ಇದನ್ನೇ. ಸಲ್ಫೇಟ್ ಇಲ್ಲದ್ದು ಮೃದು ಎಂಬ ಮಾತಿಗೆ ಬುಡ ಇಲ್ಲಿದೆ, ಅದು ಸುಳ್ಳಲ್ಲ.

ಆದರೆ ಆ ಪರೀಕ್ಷೆಯಲ್ಲಿ ಪಟ್ಟಿಯನ್ನು ಚರ್ಮಕ್ಕೆ ಗಂಟೆಗಟ್ಟಲೆ ಮುಚ್ಚಿಟ್ಟಿರುತ್ತಾರೆ. ಶಾಂಪೂ ತಲೆಯ ಮೇಲಿರುವುದು ಒಂದೆರಡು ನಿಮಿಷ, ಅದೂ ನೀರಿನಲ್ಲಿ ತೆಳುವಾಗಿ. ಲಾರೆತ್ ಮೊದಲೇ ಲಾರಿಲ್‌ಗಿಂತ ಮೆತ್ತಗೆ. ಅದರ ಜೊತೆ ತೆಂಗಿನೆಣ್ಣೆಯಿಂದ ಮಾಡುವ ಕೊಕಾಮಿಡೊಪ್ರೊಪಿಲ್ ಬೀಟೇನ್ ಬೆರೆಸಿದರೆ ಬಿಡಿ ಕಣಗಳು ಇನ್ನೂ ಕಡಿಮೆಯಾಗುತ್ತವೆ. ಹಾಗಾಗಿ ಒಂದು ಶಾಂಪೂ ಒರಟೋ ಮೆದುವೋ ಎಂಬುದು ಇಡೀ ಮಿಶ್ರಣದ ಮೇಲೆ ನಿಂತಿದೆ. ‘ಸಲ್ಫೇಟ್ ಇಲ್ಲ’ ಎಂಬ ಬರಹ ಬಾಟಲಿಯಲ್ಲಿ ಏನಿಲ್ಲ ಎಂದಷ್ಟೇ ಹೇಳುತ್ತದೆ.

ಏನಿದೆ ಎಂದು ತಿಳಿಯಲು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಹೆಚ್ಚು ಪ್ರಮಾಣದ್ದು ಪಟ್ಟಿಯಲ್ಲಿ ಮೊದಲು ಬರುತ್ತದೆ. ನೀರಾದ ಮೇಲೆ ಡೆಸೈಲ್ ಗ್ಲುಕೋಸೈಡ್ ಅಥವಾ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಇದ್ದರೆ ಅದು ಸಾಮಾನ್ಯವಾಗಿ ಮೆದು. ಸೋಡಿಯಂ ಸಿ14-16 ಒಲೆಫಿನ್ ಸಲ್ಫೊನೇಟ್ ಇದ್ದರೆ ಸಲ್ಫೇಟ್ ಇಲ್ಲ ಎಂಬುದು ನಿಜವೇ, ಆದರೆ ಜಿಡ್ಡು ತೆಗೆಯುವುದರಲ್ಲಿ ಅದು ಸಲ್ಫೇಟಿಗೆ ಕಡಿಮೆಯಿಲ್ಲ. ಒಣ ನೆತ್ತಿಯವರಿಗೆ ಇದು ಎಚ್ಚರಿಕೆ, ಜಿಡ್ಡಿನ ನೆತ್ತಿಯವರಿಗೆ ಅನುಕೂಲ.

ನೆತ್ತಿಯ ಜಿಡ್ಡು ಬರುವುದು ಕೂದಲ ಬುಡದ ಗ್ರಂಥಿಗಳಿಂದ. ಅವುಗಳನ್ನು ನಡೆಸುವುದು ಹಾರ್ಮೋನು. ಒರಟು ಶಾಂಪೂ ಬಿಟ್ಟು ಮೃದುವಾದದ್ದಕ್ಕೆ ‘ತಲೆ ಒಗ್ಗಿಸಿದರೆ’ ಎಣ್ಣೆ ಇಳಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೊಳೆಯದೆ ಉಳಿದ ಜಿಡ್ಡು ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಆಹಾರವಾಗುತ್ತದೆ, ಹೊಟ್ಟು ಹೆಚ್ಚುತ್ತದೆ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಮಳೆಗಾಲದಲ್ಲಿ ಒದ್ದೆ ಕೂದಲನ್ನೇ ಜಡೆ ಹಾಕಿ ಹೊರಡುವವರಿಗೆ ಇದು ಇನ್ನೂ ಕಾಟ.

ಆ ಹುಡುಗಿ ತಲೆ ತೊಳೆಯುವ ಬಗೆಯನ್ನು ಕೇಳಿದಾಗ ಕಾರಣ ಬಿಡಿಸಿಕೊಂಡಿತು. ಭಾನುವಾರ ರಾತ್ರಿ ಬುಡಕ್ಕೆಲ್ಲ ಕೊಬ್ಬರಿ ಎಣ್ಣೆ, ಬೆಳಿಗ್ಗೆ ಅವಸರದಲ್ಲಿ ಒಂದೇ ಸಲ ಶಾಂಪೂ, ಆಮೇಲೆ ಕಂಡೀಷನರನ್ನು ನೆತ್ತಿಗೂ ಸೇರಿಸಿ. ಅವಳು ಬಳಸುತ್ತಿದ್ದ ಗ್ಲುಕೋಸೈಡಿನ ಶಾಂಪೂವಿಗೆ ಇಷ್ಟು ಎಣ್ಣೆ ಒಂದೇ ಸಲಕ್ಕೆ ಬಿಡುವುದಿಲ್ಲ. ಎಣ್ಣೆಯ ನಡುವೆ ನೊರೆಯೂ ಏಳದು. ನೊರೆ ಬರಲಿಲ್ಲವೆಂದು ಅವಳು ಇನ್ನಷ್ಟು ಸುರಿದುಕೊಳ್ಳುತ್ತಿದ್ದಳು.

ನಾನು ಹೇಳಿದ್ದು ಇಷ್ಟು: ಎಣ್ಣೆ ಹಚ್ಚಲೇಬೇಕಿದ್ದರೆ ಕೂದಲ ಉದ್ದಕ್ಕೆ ಮಾತ್ರ. ತಲೆಯನ್ನು ಪೂರ್ತಿ ನೆನೆಸಿ, ಸ್ವಲ್ಪ ಶಾಂಪೂವನ್ನು ಅಂಗೈಯಲ್ಲಿ ನೀರು ಬೆರೆಸಿ ಬುಡಕ್ಕೆ ಹಚ್ಚಿ, ತೊಳೆದುಬಿಡುವುದು. ಎರಡನೇ ಸಲ ಹಚ್ಚಿದಾಗ ನೊರೆ ತಾನೇ ಬರುತ್ತದೆ. ಆಗ ಉಗುರು ತಾಕದಂತೆ ಬೆರಳ ತುದಿಯಲ್ಲಿ ಒಂದೆರಡು ನಿಮಿಷ ತಿಕ್ಕುವುದು. ಕಂಡೀಷನರ್ ಕಿವಿಯಿಂದ ಕೆಳಗೆ. ಮರುದಿನ ಬೆಳಿಗ್ಗೆ ಬೈತಲೆಯ ಮೇಲೆ ಟಿಶ್ಯೂ ಕಾಗದ ಒತ್ತಿ ನೋಡುವುದು. ಕಾಗದದ ಆಚೆ ಬದಿ ಕಾಣುವಷ್ಟು ಎಣ್ಣೆಯ ಗುರುತು ಬಿದ್ದರೆ ಆ ಶಾಂಪೂ ಅವಳ ನೆತ್ತಿಗೆ ಸಾಲದು. ಆಗ ಲಾರೆತ್ ಮತ್ತು ಬೀಟೇನ್ ಎರಡೂ ಇರುವ ಸಾಮಾನ್ಯ ಶಾಂಪೂವನ್ನು ಬುಡಕ್ಕೆ ಹಾಕಿ, ನೇರ ಮಾಡಿಸಿದ ಉದ್ದಕ್ಕೆ ಹರಿದುಹೋಗುವ ನೊರೆಯಷ್ಟೇ ಸಾಕು ಎಂದು ಬಿಡುವುದು ಒಳ್ಳೆಯದು.

ಇಷ್ಟಾದರೂ ಹೊಟ್ಟು, ತುರಿಕೆ ನಿಲ್ಲದಿದ್ದರೆ ಅದು ಸಲ್ಫೇಟಿನ ಪ್ರಶ್ನೆಯಲ್ಲ. ಚರ್ಮದ ವೈದ್ಯರು ಇಂಥದ್ದಕ್ಕೆ 2% ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ, 3ರಿಂದ 5 ನಿಮಿಷ ಬಿಟ್ಟು ತೊಳೆಯುವಂತೆ ಬರೆದುಕೊಡುತ್ತಾರೆ.

ಅಜ್ಜಿಯ ಸೀಗೆಕಾಯಿ ಸಲ್ಫೇಟ್ ಇಲ್ಲದ್ದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅದರಲ್ಲಿರುವುದು ಸ್ಯಾಪೊನಿನ್. ಎಣ್ಣೆ ಸ್ನಾನದ ದಿನ ಅಜ್ಜಿ ಪುಡಿಯನ್ನು ಹಚ್ಚಿ, ಉಜ್ಜಿ, ಮತ್ತೆ ಹಚ್ಚುತ್ತಿದ್ದರು. ಪುಡಿಯೂ ಒಂದಿಷ್ಟು ಎಣ್ಣೆ ಹೀರುತ್ತಿತ್ತು. ಒಂದೇ ಸಲಕ್ಕೆ ಮುಗಿಸುವ ಅವಸರ ಆ ಬಚ್ಚಲಿನಲ್ಲಿರಲಿಲ್ಲ.