ಮಂತ್ರಾಲಯದ ಲಾಡ್ಜು: ಪ್ರವಾಸ ಬರೆಯೋರು ಬಿಡೋ ಮಾತು

ಶನಿವಾರ, ಭಾನುವಾರ ಮಂತ್ರಾಲಯಕ್ಕೆ ಹೋಗಿಬಂದವರು ಬರೆದದ್ದನ್ನ ನಮ್ಮ ವಾಚನಾಲಯದಾಗ ಓದ್ತೀನಿ. ತುಂಗಭದ್ರೆ, ಬೃಂದಾವನ, ಪರಿಮಳ ಪ್ರಸಾದ ಎಲ್ಲಾ ಬರ್ತಾವ. ಉಳಿದ ಜಾಗಕ್ಕ ಒಂದೇ ಸಾಲು, "ಲಾಡ್ಜು ಚೊಲೋ ಇತ್ತು." ಮುಪ್ಪಿನ ತಾಯಿನ್ನ ಕರಕೊಂಡು ಹೋಗೋನಿಗೆ ಇದರಿಂದ ಏನು ತಿಳೀತು?

ಯಾವ ದಿನ ಹೋಗಿದ್ರಿ ಅನ್ನೋದನ್ನ ಮೊದಲು ಬರೀಬೇಕು. ಭಜನೆ ಮ್ಯಾಳದ ಜೊತೆ ಒಂದೇ ಲಾಡ್ಜಿನಾಗ ನಾನು ಎರಡು ಸಲ ಉಳಿದೀನಿ. ಒಂದು ಮಂಗಳವಾರ ಬೆಳಗಿನ ಆರಕ್ಕ ಬಿಸಿನೀರು ಧಾರಾಳ. ಶ್ರಾವಣದ ಆರಾಧನೆಗೆ ಹೋದಾಗ ನಲ್ಲಿ ಒಣಗಿತ್ತು, ರೂಮಿಗೆ ಎರಡು ಬಕೀಟು ಅಂದ್ರು, ಬಾಡಿಗೆ ದುಪ್ಪಟ್ಟು. ಎರಡೂ ಖರೇನ. ಗುರುವಾರದ ಗದ್ದಲಾನೂ ಹಂಗ.

ನಾನು ಮೆಚ್ಚಿದ ಬರಹ ಒಂದೈತಿ, ಕಾಲೇಜು ಹುಡುಗಿದು. ರೊಕ್ಕ ಕೊಡೋ ಮೊದಲು ಮ್ಯಾಲೆ ಹೋಗಿ ನಲ್ಲಿ ತಿರುವಿ, ಹಾಸಿಗೆ ಎತ್ತಿ ನೋಡಿದ್ಲಂತ. ಬಾಡಿಗೆ ಬಂದ ಹೊತ್ತಿನಿಂದ 24 ತಾಸಿಗೋ, ಇಲ್ಲಾ ಬೆಳಿಗ್ಗೆ ಖಾಲಿ ಮಾಡಬೇಕೋ ಅಂತ ಕೇಳಿದ್ಲು. ಲಿಫ್ಟಿಲ್ಲ, ಅಜ್ಜಿಗೆ ಕೆಳಗಿನ ರೂಮು ಬೇಕಂತ ಹಟ ಹಿಡಿದ್ಲು. ಅಡ್ವಾನ್ಸಿಗೆ ರಸೀದಿ ಬರೆಸಿಕೊಂಡ್ಲು. ಇವನ್ನ ಓದಿದವ ನಾಳೆ ಹಂಗ ಮಾಡಬಹುದು.

ಆದ್ರ ಆಕಿನೂ "ಸ್ಟೇಷನ್ನಿಗೆ ಹತ್ತಿರ" ಅಂತ ಬರೆದು ಎಡವಿದಾಳ. ರೈಲು ಇಳಿಯೋದು ಮಂತ್ರಾಲಯಂ ರೋಡಿನಾಗ, ಊರು ಅಲ್ಲಿಂದ ಸುಮಾರು 16 ಕಿಲೋಮೀಟರು. ಆದೋನಿಯಿಂದ ರಾತ್ರಿ ಗಾಡಿಗೆ ಹೋಗೋನು ರೂಮಿನ ಬಾಡಿಗೆ ಜೊತಿಗೆ ಆಟೋದ ರೊಕ್ಕಾನೂ ಲೆಕ್ಕ ಹಿಡೀಬೇಕು.